ಹನ್ನೊಂದು ಹದಿನೇಳಾದಾಗ: ಫೋಟೊದಲ್ಲಿರುವ ಆವೃತ್ತಿ ಪಟ್ಟಿಯಿಂದ ಸರಾಸರಿ, ಮಧ್ಯಾಂಕ, ಬಹುಲಕ ತೆಗೆಯುವುದು

ಅಕ್ಕನ ಮಗಳು ಹತ್ತನೆಯ ತರಗತಿ. ಜ್ವರ ಬಂದು ಎರಡು ದಿನ ಶಾಲೆ ತಪ್ಪಿಸಿದ್ದಳು. ಆ ಎರಡು ದಿನಗಳ ಲೆಕ್ಕಗಳನ್ನು ಗೆಳತಿಯೊಬ್ಬಳು ನೋಟ್‌ಬುಕ್ಕಿನಿಂದ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ರಾತ್ರಿ ಊಟದ ಹೊತ್ತಿಗೆ ನನಗೆ ಅದೇ ಫೋಟೊ ಬಂತು, ಕೆಳಗೊಂದು ಸಾಲು: "ಮಾವ, ಬಹುಲಕ 80.93 ಬರುತ್ತಿದೆ. ಅವಳ ನೋಟ್ಸಿನಲ್ಲಿ ಉತ್ತರ 84.88 ಅಂತ ಇದೆ. ಮೂರು ಸಲ ಮಾಡಿದೆ, ಸೂತ್ರ ಸರಿಯಾಗಿಯೇ ಇದೆ."

ಸೂತ್ರ ಸರಿಯಾಗಿಯೇ ಇತ್ತು. ಗುಣಾಕಾರ, ಭಾಗಾಕಾರಗಳಲ್ಲೂ ತಪ್ಪಿರಲಿಲ್ಲ. ತಪ್ಪು ನಡೆದದ್ದು ಲೆಕ್ಕ ಶುರುವಾಗುವುದಕ್ಕೂ ಮೊದಲು, ಫೋಟೊ ನೋಡಿ ಪಟ್ಟಿಯನ್ನು ಹಾಳೆಗೆ ಇಳಿಸಿಕೊಳ್ಳುವಾಗ. ಮುದ್ರಿತ ಪುಸ್ತಕ ಎದುರಿಗಿದ್ದರೆ ಈ ಹಂತವನ್ನು ಒಂದು ಹಂತವೆಂದು ಯಾರೂ ಎಣಿಸುವುದಿಲ್ಲ. ಫೋಟೊ ಆದರೆ ಅರ್ಧ ಕೆಲಸ ಅಲ್ಲೇ ಇದೆ. ಅವಳ ಲೆಕ್ಕವನ್ನೇ ಹಿಡಿದು ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ.

ಮೊದಲು ಪಟ್ಟಿಯನ್ನು ಇಳಿಸಿಕೊಳ್ಳಿ

ಫೋಟೊವನ್ನು ಪರದೆಯ ಮೇಲೆ ನೋಡುತ್ತಲೇ ಲೆಕ್ಕ ಮಾಡಬೇಡಿ. ಪೂರ್ತಿ ಪಟ್ಟಿಯನ್ನು ನಿಮ್ಮ ಕೈಯಿಂದ ಹಾಳೆಯಲ್ಲಿ ಹೊಸದಾಗಿ ಬರೆದುಕೊಳ್ಳಿ. ಓರೆಯಾಗಿ ಹಿಡಿದ ಫೋಟೊದಲ್ಲಿ ಅಡ್ಡಗೆರೆಗಳು ವಾಲಿರುತ್ತವೆ. ಎಡಗಡೆ ನಾಲ್ಕನೆಯ ಸಾಲಿನಿಂದ ಹೊರಟ ಕಣ್ಣು ಬಲಗಡೆ ಐದನೆಯ ಸಾಲಿಗೆ ಹೋಗಿ ನಿಲ್ಲುವುದು ಸುಲಭ. ಹಾಗಾಗದಂತೆ ಎಡಗಡೆಯ ವರ್ಗಾಂತರಗಳನ್ನು ಮೊದಲು ಪೂರ್ತಿ ಬರೆಯಿರಿ, ಎಷ್ಟಿವೆ ಎಂದು ಎಣಿಸಿ. ಆಮೇಲೆ ಬಲಗಡೆಯ ಆವೃತ್ತಿಗಳನ್ನು ಬರೆದು ಅವನ್ನೂ ಎಣಿಸಿ. ಎರಡೂ ಎಣಿಕೆ ಒಂದೇ ಆಗಿರಬೇಕು. ಬಲಗಡೆ ಒಂದು ಹೆಚ್ಚು ಬಂದರೆ ಬಹುಪಾಲು ಸಲ ಕೊನೆಯ ಸಂಖ್ಯೆ ಆವೃತ್ತಿಯಲ್ಲ, ಮೊತ್ತ.

ಗೆಳತಿಯ ಫೋಟೊದಲ್ಲಿದ್ದ ಲೆಕ್ಕ ಇದು: ಒಂದು ತೋಟದ 60 ತೆಂಗಿನ ಮರಗಳು ವರ್ಷಕ್ಕೆ ಕೊಟ್ಟ ಕಾಯಿಗಳ ಸಂಖ್ಯೆ. ನನ್ನ ಸೊಸೆ ಇಳಿಸಿಕೊಂಡದ್ದು ಹೀಗೆ:

| ಕಾಯಿಗಳ ಸಂಖ್ಯೆ | ಮರಗಳು |
|---|---|
| 50–59 | 4 |
| 60–69 | 7 |
| 70–79 | 17 |
| 80–89 | 18 |
| 90–99 | 12 |
| 100–109 | 6 |
| 110–119 | 2 |

ಆವೃತ್ತಿಗಳನ್ನು ಕೂಡಿ ನೋಡಿ. 66 ಬರುತ್ತದೆ. ಲೆಕ್ಕದ ವಾಕ್ಯದಲ್ಲಿ ಇರುವುದು 60 ಮರ. ಅವಳು ವಾಕ್ಯವನ್ನು ಓದಿದ್ದಳು, ಮೊತ್ತವನ್ನೂ ಮಾಡಿದ್ದಳು, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿರಲಿಲ್ಲ, ಅಷ್ಟೇ. ಫೋಟೊದಿಂದ ಮಾಡುವ ಲೆಕ್ಕಕ್ಕೆ ಇದಕ್ಕಿಂತ ದೊಡ್ಡ ತಪಾಸಣೆ ಇನ್ನೊಂದಿಲ್ಲ: ನೀವು ಕೂಡಿದ ಮೊತ್ತ, ಫೋಟೊದಲ್ಲಿ ಕೊಟ್ಟಿರುವ ಮೊತ್ತದೊಂದಿಗೆ ತಾಳೆಯಾಗಬೇಕು. ಆಗದಿದ್ದರೆ ಮುಂದಕ್ಕೆ ಹೋಗಬೇಡಿ. ಮೊತ್ತ ಕೆಲವೊಮ್ಮೆ ಪಟ್ಟಿಯ ಕೊನೆಯ ಸಾಲಿನಲ್ಲಿ ಇರುತ್ತದೆ, ಕೆಲವೊಮ್ಮೆ ಮೇಲಿನ ವಾಕ್ಯದಲ್ಲಿ ಮಾತ್ರ. ಆದ್ದರಿಂದ ಯಾರಿಗಾದರೂ ಫೋಟೊ ತೆಗೆದು ಕಳಿಸಲು ಹೇಳುವಾಗ ಪಟ್ಟಿಯನ್ನಷ್ಟೇ ಅಲ್ಲ, ಅದರ ಮೇಲಿನ ವಾಕ್ಯವೂ ಬರುವಂತೆ ತೆಗೆಯಲು ಹೇಳಿ.

ಮೊತ್ತ 6 ಹೆಚ್ಚಾಗಿದೆ. ಈ 6 ಎಂಬುದೇ ಒಂದು ಸುಳಿವು. ಬಿಡಿ ಸ್ಥಾನದಲ್ಲಿ 1 ಇದ್ದದ್ದನ್ನು 7 ಎಂದು ಓದಿದರೆ ಸರಿಯಾಗಿ 6 ಹೆಚ್ಚುತ್ತದೆ. 3 ಇದ್ದದ್ದನ್ನು 8 ಎಂದು ಓದಿದರೆ 5 ಹೆಚ್ಚುತ್ತದೆ. 5 ಮತ್ತು 6ರ ನಡುವೆ ಗೊಂದಲವಾದರೆ 1 ಆಚೀಚೆ. ವ್ಯತ್ಯಾಸ 9, 18, 27 ಹೀಗೆ ಒಂಬತ್ತರ ಮಗ್ಗಿಯಲ್ಲಿದ್ದರೆ 12ನ್ನು 21 ಎಂದು ತಿರುಗಿಸಿ ಬರೆದಿರಬಹುದು ಎಂದು ಅನುಮಾನಿಸಿ. ಅಂಗಡಿಯ ಲೆಕ್ಕ ಬರೆಯುವವರಿಗೆ ಇದು ಹಳೆಯ ವಿದ್ಯೆ. ಕನ್ನಡ ಅಂಕಿಗಳಲ್ಲಿ ಬರೆದ ಪಟ್ಟಿಯಾದರೆ ೬ ಮತ್ತು ೯ರ ಮೇಲೆ ಒಂದು ಕಣ್ಣಿಡಿ. ಫೋಟೊ ಮಸುಕಾದಾಗ ಬಾಲ ಯಾವ ಕಡೆಗೆ ತಿರುಗಿದೆ ಎಂಬುದೇ ಮೊದಲು ಅಳಿಸಿಹೋಗುತ್ತದೆ.

ನಮ್ಮ ಪಟ್ಟಿಯಲ್ಲಿ 7 ಇರುವುದು ಎರಡೇ ಕಡೆ: ಎರಡನೆಯ ಸಾಲಿನ 7, ಮೂರನೆಯ ಸಾಲಿನ 17. ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಎರಡನೆಯ ಸಾಲಿನ 7ಕ್ಕೆ ನಡುವೆ ಒಂದು ಸಣ್ಣ ಅಡ್ಡಗೀಟು ಇತ್ತು. ಮೂರನೆಯ ಸಾಲಿನಲ್ಲಿದ್ದ ಎರಡನೆಯ ಅಂಕಿಗೆ ತಲೆಯ ಮೇಲೆ ಉದ್ದನೆಯ ಕೊಕ್ಕೆ ಇತ್ತು, ಆದರೆ ಅಡ್ಡಗೀಟು ಇರಲಿಲ್ಲ. ಕೆಳಗೆ 12ರಲ್ಲಿ ಇದ್ದ 1ಕ್ಕೂ ಅದೇ ಕೊಕ್ಕೆ. ಆ ಹುಡುಗಿ 1 ಬರೆಯುವ ರೀತಿಯೇ ಅದು. ಅಂದರೆ ಅದು 17 ಅಲ್ಲ, 11. ಅನುಮಾನ ಬಂದ ಅಂಕಿಯೊಂದನ್ನೇ ಎಷ್ಟು ದೊಡ್ಡದು ಮಾಡಿದರೂ ಅದು ಇನ್ನಷ್ಟು ಮಸುಕಾಗುತ್ತದೆಯೇ ಹೊರತು ಉತ್ತರ ಹೇಳುವುದಿಲ್ಲ. ಅದೇ ಕೈ ಬೇರೆಡೆ ಬರೆದ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಹೇಳುತ್ತದೆ.

ಪಟ್ಟಿಯ ಒಂದು ಮನೆಯ ಮೇಲೆ, ಮೂರನೆಯ ಸಾಲಿನ ಆವೃತ್ತಿಯ ಮೇಲೆ ಎನ್ನಿ, ಬೆಳಕು ಬಿದ್ದು ಪೂರ್ತಿ ಬೆಳ್ಳಗಾಗಿದ್ದರೂ ಭಯವಿಲ್ಲ. ಉಳಿದವು 4, 7, 18, 12, 6, 2, ಒಟ್ಟು 49. 60ರಲ್ಲಿ 49 ಕಳೆದರೆ 11. ಎರಡು ಮನೆ ಅಳಿಸಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಇನ್ನೊಂದು ಫೋಟೊ ಕೇಳಲೇಬೇಕು. ಕೇಳುವಾಗ ಚಿತ್ರವಾಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಚಿತ್ರವಾಗಿ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ, ಸಣ್ಣ ಅಂಕಿಗಳು ಕಲಸಿಹೋಗುವುದು ಆಗಲೇ.

ಇದು ಯಾವ ಪಟ್ಟಿ?

ಅಂಕಿಗಳು ಸರಿಯಾದ ಮೇಲೆ ಇನ್ನೆರಡು ಪ್ರಶ್ನೆ ಕೇಳಿಕೊಳ್ಳಬೇಕು. ಫೋಟೊದಲ್ಲಿ ಮೇಲಿನ ಶೀರ್ಷಿಕೆಯ ಸಾಲು ಕತ್ತರಿಸಿಹೋಗಿದ್ದರೆ ಇವು ಇನ್ನೂ ಮುಖ್ಯ.

ಮೊದಲನೆಯದು, ಬಲಗಡೆ ಇರುವುದು ಆವೃತ್ತಿಯೋ, ಆವೃತ್ತಿಗಳನ್ನು ಒಂದೊಂದಾಗಿ ಕೂಡುತ್ತ ಬಂದ ಸಂಚಿತ ಆವೃತ್ತಿಯೋ? ಇದೇ ತೋಟದ ಪಟ್ಟಿ 4, 11, 22, 40, 52, 58, 60 ಎಂದು ಇದ್ದಿದ್ದರೆ? ಸಂಖ್ಯೆಗಳು ಎಲ್ಲಿಯೂ ಇಳಿಯದೆ ಏರುತ್ತಲೇ ಹೋಗಿವೆ, ಕೊನೆಯದು ಒಟ್ಟು ಮರಗಳಷ್ಟೇ ಇದೆ. ಅದು 'ಕಡಿಮೆ ವಿಧಾನ'ದ ಸಂಚಿತ ಆವೃತ್ತಿ. 60, 56, 49, 38, 20, 8, 2 ಎಂದು ಇಳಿಯುತ್ತ ಬಂದು, ಮೊದಲನೆಯದೇ ಒಟ್ಟು ಮರಗಳಷ್ಟಿದ್ದರೆ ಅದು 'ಅಧಿಕ ವಿಧಾನ'ದ್ದು. ಎರಡರಲ್ಲೂ ಪಕ್ಕಪಕ್ಕದ ಸಂಖ್ಯೆಗಳನ್ನು ಒಂದರಿಂದೊಂದು ಕಳೆದು ನಿಜವಾದ ಆವೃತ್ತಿಗಳನ್ನು ಮೊದಲು ತೆಗೆದುಕೊಳ್ಳಬೇಕು. ಸಂಚಿತ ಆವೃತ್ತಿಯನ್ನೇ ಆವೃತ್ತಿ ಎಂದು ಗುಣಿಸಿ ಸರಾಸರಿ ತೆಗೆದರೆ ಉತ್ತರ ನೋಡಲು ನಂಬುವಂತೆಯೇ ಇರುತ್ತದೆ, ಅದೇ ಅಪಾಯ.

ಎರಡನೆಯದು, ವರ್ಗಾಂತರಗಳ ನಡುವೆ ಸಂದು ಇದೆಯೇ? ನಮ್ಮ ಪಟ್ಟಿಯಲ್ಲಿ ಒಂದು ವರ್ಗ 59ಕ್ಕೆ ಮುಗಿದು ಇನ್ನೊಂದು 60ಕ್ಕೆ ಶುರುವಾಗುತ್ತದೆ. 50–60, 60–70 ಎಂದಿದ್ದರೆ ಸಂದಿಲ್ಲ, ಏನೂ ಮಾಡಬೇಕಾಗಿಲ್ಲ (ಸರಿಯಾಗಿ 60 ಕಾಯಿ ಬಿಟ್ಟ ಮರ ಎರಡನೆಯ ವರ್ಗಕ್ಕೆ ಸೇರುತ್ತದೆ). ಸಂದಿದ್ದರೆ ಅದರ ಅರ್ಧವನ್ನು, ಇಲ್ಲಿ 0.5ನ್ನು, ಕೆಳಮಿತಿಯಿಂದ ಕಳೆದು ಮೇಲ್ಮಿತಿಗೆ ಕೂಡಬೇಕು. 50–59 ಎಂಬುದು 49.5–59.5 ಆಗುತ್ತದೆ, 80–89 ಎಂಬುದು 79.5–89.5. ವರ್ಗಾಂತರದ ಗಾತ್ರ 9 ಅಲ್ಲ, 10. ಫೋಟೊದಲ್ಲಿ 59 ಎಂಬುದು 60ರಂತೆ ಕಂಡರೆ ಇಡೀ ಪಟ್ಟಿಯ ಜಾತಿಯೇ ಬದಲಾಗಿಬಿಡುತ್ತದೆ. ಹಾಗಾಗಿ ಒಂದೇ ಸಾಲು ನೋಡಿ ತೀರ್ಮಾನಿಸದೆ ಮೇಲ್ಮಿತಿಗಳನ್ನು ಮೇಲಿಂದ ಕೆಳಗೆ ಓದಿ: 59, 69, 79, 89. ಎಲ್ಲವೂ 9ರಲ್ಲಿ ಮುಗಿದರೆ ಸಂಶಯವಿಲ್ಲ.

ವಯಸ್ಸಿನ ಪಟ್ಟಿ ಬಂದರೆ ಸ್ವಲ್ಪ ಎಚ್ಚರ. "10–14 ವರ್ಷ" ಎಂದರೆ ತುಂಬಿದ ವರ್ಷಗಳ ಲೆಕ್ಕವಾದರೆ, ಹದಿನಾಲ್ಕು ತುಂಬಿ ಹದಿನೈದಕ್ಕೆ ಒಂದು ದಿನ ಬಾಕಿ ಇರುವವನೂ ಅದರೊಳಗೇ ಇದ್ದಾನೆ. ಆಗ ನಿಜವಾದ ವರ್ಗ 10–15, 9.5–14.5 ಅಲ್ಲ. ಶಾಲೆಯ ಲೆಕ್ಕಗಳಲ್ಲಿ ಇದನ್ನು ಸಾಮಾನ್ಯವಾಗಿ ಕೆದಕುವುದಿಲ್ಲ. ಆದರೆ ಸಮೀಕ್ಷೆಯ ಪಟ್ಟಿ ಹಿಡಿದು ಕೂತವರಿಗೆ ಅರ್ಧ ವರ್ಷದ ವ್ಯತ್ಯಾಸ ಬೀಳುತ್ತದೆ.

ಸರಾಸರಿ

ಈಗ ಪಟ್ಟಿಗೆ ಮೂರು ಕಂಬಸಾಲು ಸೇರಿಸೋಣ: ಮಧ್ಯಬಿಂದು, ಅದಕ್ಕೆ ಆವೃತ್ತಿಯಿಂದ ಗುಣಿಸಿದ್ದು, ಮತ್ತು ಸಂಚಿತ ಆವೃತ್ತಿ. ಮೂರೂ ಉತ್ತರಗಳಿಗೆ ಬೇಕಾದದ್ದೆಲ್ಲ ಈ ಒಂದು ಪಟ್ಟಿಯಲ್ಲಿ ಸಿಗುತ್ತದೆ.

| ನಿಜವಾದ ವರ್ಗ | ಆವೃತ್ತಿ f | ಮಧ್ಯಬಿಂದು x | f × x | ಸಂಚಿತ ಆವೃತ್ತಿ |
|---|---|---|---|---|
| 49.5–59.5 | 4 | 54.5 | 218 | 4 |
| 59.5–69.5 | 7 | 64.5 | 451.5 | 11 |
| 69.5–79.5 | 11 | 74.5 | 819.5 | 22 |
| 79.5–89.5 | 18 | 84.5 | 1521 | 40 |
| 89.5–99.5 | 12 | 94.5 | 1134 | 52 |
| 99.5–109.5 | 6 | 104.5 | 627 | 58 |
| 109.5–119.5 | 2 | 114.5 | 229 | 60 |
| ಮೊತ್ತ | 60 | | 5000 | |

ನೇರ ವಿಧಾನದಲ್ಲಿ ಸರಾಸರಿ ಎಂದರೆ 5000ವನ್ನು 60ರಿಂದ ಭಾಗಿಸಿದ್ದು, 83.33. ಪ್ರತಿ ಮರ ಎಷ್ಟು ಕಾಯಿ ಕೊಟ್ಟಿತು ಎಂಬುದು ನಮಗೆ ಗೊತ್ತಿಲ್ಲ. 80ರಿಂದ 89ರೊಳಗೆ 18 ಮರ ಇವೆ ಎಂದಷ್ಟೇ ಗೊತ್ತು. ಆ ಹದಿನೆಂಟೂ 84.5 ಕಾಯಿ ಕೊಟ್ಟವು ಎಂದು ಇಟ್ಟುಕೊಳ್ಳುತ್ತೇವೆ. ಅರ್ಧ ಕಾಯಿ ಬಿಡುವ ಮರ ಯಾವ ತೋಟದಲ್ಲೂ ಇಲ್ಲ, ಆದರೆ ಕೆಲವು ಹೆಚ್ಚು, ಕೆಲವು ಕಡಿಮೆ ಇದ್ದು ಒಟ್ಟಾರೆ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಈ ಲೆಕ್ಕ ನಿಂತಿದೆ. ಹೀಗಾಗಿ ವರ್ಗೀಕೃತ ಪಟ್ಟಿಯ ಸರಾಸರಿ ಯಾವಾಗಲೂ ಅಂದಾಜೇ.

ಕೈಯಲ್ಲಿ ಮಾಡುವವರಿಗೆ ಹಂತ ವಿಚಲನಾ ವಿಧಾನ ಹಗುರ. ನಡುವಿನ 84.5ನ್ನು ಅಂದಾಜು ಸರಾಸರಿ ಎಂದು ಹಿಡಿಯಿರಿ. ಮೇಲಿನ ಮೂರು ವರ್ಗಗಳಿಗೆ −3, −2, −1, ನಡುವಿನದಕ್ಕೆ 0, ಕೆಳಗಿನ ಮೂರಕ್ಕೆ 1, 2, 3 ಎಂದು ಕೊಟ್ಟು ಆವೃತ್ತಿಗಳಿಂದ ಗುಣಿಸಿ: −12, −14, −11, 0, 12, 12, 6. ಒಟ್ಟು −7.

```
ಸರಾಸರಿ = 84.5 + (−7 ÷ 60) × 10 = 84.5 − 1.17 = 83.33
```

ಎರಡು ದಾರಿಯಲ್ಲೂ ಒಂದೇ ಊರು. ಸಮಯವಿದ್ದರೆ ಎರಡನ್ನೂ ಮಾಡಿ, ಗುಣಾಕಾರದ ತಪ್ಪು ತಾನಾಗಿ ಹೊರಬೀಳುತ್ತದೆ.

ಇಲ್ಲೊಂದು ಸ್ವಾರಸ್ಯ ಇದೆ. 50 ಮತ್ತು 59ರ ಮಧ್ಯಬಿಂದುವೂ 54.5, 49.5 ಮತ್ತು 59.5ರ ಮಧ್ಯಬಿಂದುವೂ 54.5. ಅಂದರೆ ಸಂದು ಮುಚ್ಚುವುದನ್ನು ಮರೆತರೂ ನೇರ ವಿಧಾನದಲ್ಲಿ ಸರಾಸರಿ ಸರಿಯಾಗಿಯೇ ಬರುತ್ತದೆ. ಮಕ್ಕಳು ಸರಾಸರಿಯಲ್ಲಿ ಪೂರ್ತಿ ಅಂಕ ತೆಗೆದು, ಅದೇ ಪಟ್ಟಿಯ ಮಧ್ಯಾಂಕದಲ್ಲಿ ಜಾರಿ ಬೀಳುವುದು ಇದರಿಂದಲೇ.

ಮಧ್ಯಾಂಕ

60 ಮರಗಳನ್ನು ಕಡಿಮೆ ಕಾಯಿಯಿಂದ ಹೆಚ್ಚು ಕಾಯಿಯ ಕಡೆಗೆ ಸಾಲಾಗಿ ನಿಲ್ಲಿಸಿದ್ದೇವೆ ಎಂದುಕೊಳ್ಳಿ. ಅರ್ಧ ದಾರಿಯಲ್ಲಿ, ಅಂದರೆ 30 ಮರ ದಾಟಿದಲ್ಲಿ, ಕಾಯಿಗಳ ಸಂಖ್ಯೆ ಎಷ್ಟು? ಸಂಚಿತ ಆವೃತ್ತಿಯ ಕಂಬಸಾಲನ್ನು ಮೇಲಿಂದ ಓದಿಕೊಂಡು ಬನ್ನಿ: 4, 11, 22, 40. ಮೂರು ವರ್ಗ ಮುಗಿದಾಗ 22 ಮರ ಆಗಿವೆ, ನಾಲ್ಕನೆಯದು ಮುಗಿಯುವಾಗ 40. ಮೂವತ್ತು ಇರುವುದು ನಾಲ್ಕನೆಯ ವರ್ಗದಲ್ಲಿ, 79.5–89.5ರೊಳಗೆ.

30 ಮುಟ್ಟಲು ಈ ವರ್ಗದೊಳಗೆ ಇನ್ನೂ 8 ಮರ ಹೋಗಬೇಕು. ಇಲ್ಲಿ ಇರುವುದು 18 ಮರ, ಅವು 10 ಕಾಯಿಗಳ ಅಗಲದಲ್ಲಿ ಸಮವಾಗಿ ಹರಡಿವೆ ಎಂದು ಹಿಡಿದರೆ 8 ಮರಕ್ಕೆ ಬರುವ ದೂರ 18ರಲ್ಲಿ 8 ಪಾಲು. ಸೂತ್ರ ಹೇಳುವುದು ಇಷ್ಟನ್ನೇ:

```
ಮಧ್ಯಾಂಕ = l + ((n/2 − cf) ÷ f) × h
        = 79.5 + ((30 − 22) ÷ 18) × 10
        = 79.5 + 4.44 = 83.94
```

ಇಲ್ಲಿ l ಎಂಬುದು ಮಧ್ಯಾಂಕವಿರುವ ವರ್ಗದ ಕೆಳಮಿತಿ, n ಒಟ್ಟು ಮರಗಳು, f ಆ ವರ್ಗದ ಆವೃತ್ತಿ, h ವರ್ಗಾಂತರದ ಗಾತ್ರ, cf ಎಂಬುದು ಅದರ ಹಿಂದಿನ ವರ್ಗದ ಸಂಚಿತ ಆವೃತ್ತಿ. cf ಜಾಗದಲ್ಲಿ 40 ಹಾಕಿದವರಿಗೆ 30 − 40 ಎಂದು ಋಣ ಸಂಖ್ಯೆ ಬರುತ್ತದೆ. ಹಾಗೆ ಬಂದರೆ ಚಿಹ್ನೆಯನ್ನು ಅಳಿಸಿ ಮುಂದೆ ಹೋಗಬೇಡಿ, ಒಂದು ಸಾಲು ಮೇಲಕ್ಕೆ ನೋಡಿ. ಕೆಳಮಿತಿ 79.5ರ ಬದಲು 80 ಎಂದೇ ಇಟ್ಟರೆ ಉತ್ತರ 84.44. ಅರ್ಧ ಕಾಯಿಯಷ್ಟೇ ತಪ್ಪು, ಆದರೆ ಪರೀಕ್ಷೆಯಲ್ಲಿ ಅರ್ಧ ಕಾಯಿಗೂ ಅಂಕ ಹೋಗುತ್ತದೆ.

ಮಧ್ಯಾಂಕವಿರುವ ವರ್ಗವನ್ನು ಆವೃತ್ತಿಯ ಕಂಬಸಾಲಿನಲ್ಲಿ ಹುಡುಕುವುದು ಇನ್ನೊಂದು ರೂಢಿಯಾದ ತಪ್ಪು. ನಮ್ಮ ಪಟ್ಟಿಯಲ್ಲಿ ಅತಿ ಹೆಚ್ಚು ಆವೃತ್ತಿಯ ವರ್ಗವೂ ಮಧ್ಯಾಂಕದ ವರ್ಗವೂ ಒಂದೇ ಆಗಿವೆ, ಆದ್ದರಿಂದ ತಪ್ಪು ದಾರಿ ಹಿಡಿದರೂ ಸರಿಯಾದ ಜಾಗಕ್ಕೇ ಬರುತ್ತೀರಿ. ಎಲ್ಲ ಪಟ್ಟಿಗಳೂ ಇಷ್ಟು ಉದಾರವಾಗಿರುವುದಿಲ್ಲ.

ಬಹುಲಕ

ಕೆಲವು ಪುಸ್ತಕಗಳು ಇದನ್ನು ರೂಢಿಬೆಲೆ ಎನ್ನುತ್ತವೆ. ಅತಿ ಹೆಚ್ಚು ಆವೃತ್ತಿ 18, ವರ್ಗ 79.5–89.5. ಅದರ ಹಿಂದಿನ ಆವೃತ್ತಿ 11, ಮುಂದಿನದು 12. ಇವು ಕ್ರಮವಾಗಿ f1, f0, f2.

```
ಬಹುಲಕ = l + ((f1 − f0) ÷ (2f1 − f0 − f2)) × h
      = 79.5 + ((18 − 11) ÷ (36 − 11 − 12)) × 10
      = 79.5 + (7 ÷ 13) × 10
      = 79.5 + 5.38 = 84.88
```

ಗೆಳತಿಯ ಉತ್ತರ ಸಿಕ್ಕಿತು. ಛೇದದ 2f1 − f0 − f2 ಎಂಬುದು ಮಕ್ಕಳಿಗೆ ಬಾಯಿಪಾಠದ ಮಂತ್ರದಂತೆ ಇರುತ್ತದೆ, ಅದಕ್ಕೇ ಮರೆತುಹೋಗುತ್ತದೆ. ಅದನ್ನು ಬಿಡಿಸಿ ನೋಡಿ: 18 ತನ್ನ ಹಿಂದಿನದಕ್ಕಿಂತ 7 ಎತ್ತರ, ಮುಂದಿನದಕ್ಕಿಂತ 6 ಎತ್ತರ. 7 ಮತ್ತು 6 ಕೂಡಿದರೆ 13. ವರ್ಗದ ಹತ್ತು ಕಾಯಿಗಳ ಅಗಲವನ್ನು 7:6ರ ಅನುಪಾತದಲ್ಲಿ ಹಂಚಿದ್ದೇವೆ, ಬೇರೇನೂ ಇಲ್ಲ. ಯಾವ ಪಕ್ಕದ ವರ್ಗ ಎತ್ತರವಾಗಿದೆಯೋ ಆ ಕಡೆಗೆ ಬಹುಲಕ ವಾಲುತ್ತದೆ. ಇಲ್ಲಿ ಮುಂದಿನ ವರ್ಗ ಒಂದು ಮರದಷ್ಟು ಎತ್ತರ, ಹಾಗಾಗಿ ಉತ್ತರ ನಡುವಿನ 84.5ನ್ನು ದಾಟಿ ಸ್ವಲ್ಪವೇ ಬಲಕ್ಕೆ ಹೋಗಿದೆ. ಲೆಕ್ಕ ಮಾಡುವ ಮೊದಲೇ ಉತ್ತರ 84.5ರ ಯಾವ ಬದಿಗೆ ಇರಬೇಕು ಎಂದು ಹೇಳಬಹುದು, ಬಂದ ಉತ್ತರ ಆ ಬದಿಗೆ ಇಲ್ಲದಿದ್ದರೆ f0 ಮತ್ತು f2 ಅದಲುಬದಲಾಗಿವೆ.

ಒಂದು ಅಂಕಿ ಎಷ್ಟು ಕೆಡಿಸಿತು

ಈಗ ನನ್ನ ಸೊಸೆಯ 17ಕ್ಕೆ ಹಿಂದಿರುಗೋಣ. 11ರ ಜಾಗದಲ್ಲಿ 17 ಇಟ್ಟು ಮೂರನ್ನೂ ಮಾಡಿ ನೋಡಿದೆ. ಸರಾಸರಿ 83.33 ಇದ್ದದ್ದು 82.53 ಆಯಿತು. ಮಧ್ಯಾಂಕ 83.94 ಇದ್ದದ್ದು 82.28. ಬಹುಲಕ 84.88 ಇದ್ದದ್ದು 80.93. ಸರಾಸರಿ ಒಂದು ಕಾಯಿಯಷ್ಟೂ ಅಲುಗಲಿಲ್ಲ, ಬಹುಲಕ ಹತ್ತಿರ ಹತ್ತಿರ ನಾಲ್ಕು ಕಾಯಿ ಜಾರಿತು.

ಕಾರಣ ಸರಳ. ಸರಾಸರಿ ಅರವತ್ತು ಮರಗಳನ್ನೂ ಕೇಳಿ ಉತ್ತರ ಹೇಳುತ್ತದೆ, ಆರು ಮರಗಳ ಸುಳ್ಳು ಅದರಲ್ಲಿ ಕರಗಿಹೋಗುತ್ತದೆ. ಬಹುಲಕ ಕೇಳುವುದು ಮೂರೇ ಮೂರು ಆವೃತ್ತಿಗಳನ್ನು, ಅದರಲ್ಲಿ ಒಂದು ತಪ್ಪಿದರೆ ಮೂರನೆಯ ಒಂದು ಭಾಗ ತಪ್ಪಿದಂತೆ. ಇದೇ ತಪ್ಪು ಮೊದಲ ಸಾಲಿನಲ್ಲಿ ಆಗಿದ್ದರೆ ಬಹುಲಕಕ್ಕೆ ಏನೂ ಆಗುತ್ತಿರಲಿಲ್ಲ. ಆದ್ದರಿಂದ ಫೋಟೊ ಮಸುಕಾಗಿದ್ದರೆ ಅತಿ ಎತ್ತರದ ಆವೃತ್ತಿ ಮತ್ತು ಅದರ ಅಕ್ಕಪಕ್ಕದ ಎರಡನ್ನು ಇನ್ನೊಮ್ಮೆ ಓದಿ. ನಿಮ್ಮ ಕಣ್ಣಿನ ಸಮಯ ಅಲ್ಲಿ ಹೆಚ್ಚು ಸಾರ್ಥಕ.

ಮೊತ್ತವೂ ಕಾಣದೆ, ಒಂದು ಆವೃತ್ತಿಯೂ ಕಾಣದೆ, ಉತ್ತರವಾಗಿ ಸರಾಸರಿ ಮಾತ್ರ ಗೊತ್ತಿದ್ದರೂ ದಾರಿ ಇದೆ. ಕಾಣದ ಆವೃತ್ತಿಯನ್ನು x ಎಂದಿಡಿ. ಉಳಿದ 49 ಮರಗಳಿಗೆ ಆವೃತ್ತಿ, ಮಧ್ಯಬಿಂದುಗಳನ್ನು ಗುಣಿಸಿ ಕೂಡಿದ ಮೊತ್ತ 4180.5. ಹಾಗಾದರೆ:

```
4180.5 + 74.5x = 83.33 × (49 + x)
8.83x = 97.33
x = 11.02
```

ಮರ ಪೂರ್ಣಸಂಖ್ಯೆಯೇ ಆಗಬೇಕಾದ್ದರಿಂದ 11. ಆ ಚೂರು 0.02 ಬಂದದ್ದು 83.33 ಎಂದು ಕತ್ತರಿಸಿ ಬರೆದದ್ದರಿಂದ. ಇಲ್ಲಿ 11.4 ಎಂಬಂತೆ ಬಂದಿದ್ದರೆ ಬೇರೆ ಯಾವುದೋ ಆವೃತ್ತಿಯನ್ನೂ ತಪ್ಪು ಓದಿದ್ದೀರಿ ಎಂದೇ ಅರ್ಥ.

ಉತ್ತರ ಬಂದ ಮೇಲೆ

ಮೂರು ಉತ್ತರಗಳನ್ನೂ ಒಟ್ಟಿಗೆ ಇಟ್ಟು ನೋಡಿ. ಮೊದಲಿಗೆ, ಅವು ಪಟ್ಟಿಯ ವ್ಯಾಪ್ತಿಯೊಳಗೆ ಇರಬೇಕು. 8.57 ಎಂದು ಬಂದರೆ 60ನ್ನು 7 ವರ್ಗಗಳಿಂದ ಭಾಗಿಸಿದ್ದೀರಿ, ಅದು ಆವೃತ್ತಿಗಳ ಸರಾಸರಿ, ಕಾಯಿಗಳದ್ದಲ್ಲ. ಬಹುಲಕ 18 ಎಂದು ಬರೆದಿದ್ದರೂ ಇದೇ ಕತೆ. ನಂತರ, ಸರಾಸರಿ, ಮಧ್ಯಾಂಕ, ಬಹುಲಕ ಮೂರೂ ಬೇರೆಬೇರೆ ಇರುವಾಗ ಮಧ್ಯಾಂಕ ಸಾಮಾನ್ಯವಾಗಿ ನಡುವೆ ಬೀಳುತ್ತದೆ. ನಮ್ಮದರಲ್ಲಿ 83.33, 83.94, 84.88, ಕ್ರಮ ಸರಿಯಾಗಿದೆ. ಇವುಗಳ ನಡುವೆ ಒಂದು ಅನುಭವಸಿದ್ಧ ಸಂಬಂಧವೂ ಇದೆ:

```
ಬಹುಲಕ ≈ 3 × ಮಧ್ಯಾಂಕ − 2 × ಸರಾಸರಿ
      ≈ 251.83 − 166.67 = 85.17
```

ನಮಗೆ ಬಂದದ್ದು 84.88, ಹತ್ತಿರವಿದೆ. ತಪ್ಪು ಪಟ್ಟಿಯ ಸಂಖ್ಯೆಗಳನ್ನು ಇದರಲ್ಲಿಟ್ಟರೆ ಸುಮಾರು 81.8 ಬರುತ್ತದೆ, ಅವಳಿಗೆ ಬಂದದ್ದು 80.93. ಅದೂ ಅಷ್ಟೇನೂ ದೂರವಿಲ್ಲ. ಅಂದರೆ ಈ ಸಂಬಂಧ ಗುಣಾಕಾರದ ದೊಡ್ಡ ತಪ್ಪುಗಳನ್ನು ಹಿಡಿದೀತು, ಫೋಟೊ ಓದುವಾಗಿನ ತಪ್ಪನ್ನು ಹಿಡಿಯುವುದಿಲ್ಲ. ತಪ್ಪು ಪಟ್ಟಿಯೂ ತನ್ನೊಳಗೆ ತಾನು ಸುಸಂಗತವಾಗಿಯೇ ಇರುತ್ತದೆ. ಅದನ್ನು ಹಿಡಿಯುವುದು 60 ಎಂಬ ಆ ಮೊತ್ತ ಮಾತ್ರ.

ಸೂತ್ರ ನಡೆಯದ ಪಟ್ಟಿಗಳು

ಕೊನೆಯ ವರ್ಗ "110 ಮತ್ತು ಹೆಚ್ಚು" ಎಂದಿದ್ದರೆ ಅದಕ್ಕೆ ಮಧ್ಯಬಿಂದುವಿಲ್ಲ, ಒಂದು ಮೇಲ್ಮಿತಿಯನ್ನು ನೀವೇ ಊಹಿಸದೆ ಸರಾಸರಿ ಬರುವುದಿಲ್ಲ. ಮಧ್ಯಾಂಕ, ಬಹುಲಕಗಳಿಗೆ ಆ ವರ್ಗದ ಗೊಡವೆ ಇಲ್ಲದಿದ್ದರೆ ಅವು ಆರಾಮವಾಗಿ ಬರುತ್ತವೆ. ವರ್ಗಾಂತರಗಳ ಗಾತ್ರ ಒಂದೇ ಸಮ ಇಲ್ಲದಿದ್ದರೆ, ಉದಾಹರಣೆಗೆ ಒಂದು 10ರದು, ಇನ್ನೊಂದು 30ರದು ಇದ್ದರೆ, ಅಗಲವಾದ ವರ್ಗದಲ್ಲಿ ಹೆಚ್ಚು ಮರ ಕಾಣುವುದು ಅದು ಅಗಲವಾಗಿರುವುದಕ್ಕೇ. ಅಲ್ಲಿ ಬಹುಲಕದ ಸೂತ್ರವನ್ನು ನೇರವಾಗಿ ಹಾಕಬಾರದು. ಅತಿ ಹೆಚ್ಚು ಆವೃತ್ತಿ ಮೊದಲ ವರ್ಗದಲ್ಲೇ ಇದ್ದರೆ f0 ಸೊನ್ನೆ, ಕೊನೆಯ ವರ್ಗದಲ್ಲಿದ್ದರೆ f2 ಸೊನ್ನೆ.

ಮೊಬೈಲಿನಲ್ಲಿ ಫೋಟೊದಿಂದ ಅಕ್ಷರಗಳನ್ನು ನಕಲು ಮಾಡಿ ಸ್ಪ್ರೆಡ್‌ಶೀಟ್‌ಗೆ ಅಂಟಿಸುವವರಿಗೆ ಒಂದು ಮಾತು. 5-10 ಎಂಬ ವರ್ಗಾಂತರವನ್ನು ಅದು ತಾರೀಖು ಎಂದು ತಿಳಿದು ಬದಲಾಯಿಸಿಬಿಡುತ್ತದೆ. ವರ್ಗಾಂತರವನ್ನು ಹಾಕಲೇಬೇಡಿ, ಎರಡನೆಯ ಸಾಲಿನಿಂದ ಶುರುಮಾಡಿ ಮಧ್ಯಬಿಂದುಗಳನ್ನು A ಕಂಬಸಾಲಿನಲ್ಲಿ, ಆವೃತ್ತಿಗಳನ್ನು B ಕಂಬಸಾಲಿನಲ್ಲಿ ನೀವೇ ಟೈಪ್ ಮಾಡಿ:

```
=SUM(B2:B8)
=SUMPRODUCT(A2:A8,B2:B8)/SUM(B2:B8)
```

ಮೊದಲ ಸಾಲು 60 ಎಂದು ತೋರಿಸಿದ ಮೇಲಷ್ಟೇ ಎರಡನೆಯದನ್ನು ನೋಡಿ. ಅಲ್ಲಿರುವ MEDIAN, MODE ಸೂತ್ರಗಳು ಬಿಡಿ ಸಂಖ್ಯೆಗಳಿಗೆ. ಅವನ್ನು ಆವೃತ್ತಿಯ ಕಂಬಸಾಲಿಗೆ ಹಾಕಿದರೆ ನಮ್ಮ ತೋಟದ ಮಧ್ಯಾಂಕ 7 ಎಂದು ಬರುತ್ತದೆ.

ಆ ರಾತ್ರಿ ಸೊಸೆಗೆ ನಾನು ಬರೆದದ್ದು ಒಂದೇ ಸಾಲು: "ಮರ ಎಷ್ಟು ಎಂದು ಎಣಿಸು." ಎರಡು ನಿಮಿಷದಲ್ಲಿ ಉತ್ತರ ಬಂತು: "ಮಾವ, ಆರು ಮರ ಜಾಸ್ತಿ ನೆಟ್ಟುಬಿಟ್ಟಿದ್ದೇನೆ."